ಡೈರಿಯಿಂದ ಹುಟ್ಟಿದ ಅಂಕಪಟ್ಟಿ

ನಮ್ಮ ಕಂಪನಿಗೆ ಸೇರಿದ ಮೊದಲ ಸೇಲ್ಸ್ ಉದ್ಯೋಗಿಯ ಜೊತೆ ಪೀಣ್ಯದ ಒಂದು ಮೆಷಿನ್ ಶಾಪಿಗೆ ಹೋಗಿದ್ದ ದಿನ ಚೆನ್ನಾಗಿ ನೆನಪಿದೆ. ಅವರು ಲ್ಯಾಪ್‌ಟಾಪ್ ತೆರೆದು ನಲವತ್ತು ನಿಮಿಷ ಸೊಗಸಾಗಿ ಮಾತಾಡಿದರು. ಯಜಮಾನರು ಎರಡು ಸಲ ಗಡಿಯಾರ ನೋಡಿದರು, ನಡುವೆ ಒಮ್ಮೆ ಎದ್ದು ಹೋಗಿ ಆಪರೇಟರ್ ಒಬ್ಬನಿಗೆ ಏನೋ ಹೇಳಿ ಬಂದರು. ಹೊರಡುವಾಗ ನನ್ನನ್ನು ಬದಿಗೆ ಕರೆದು, "ಮುಂದಿನ ಸಲ ನೀವೇ ಬನ್ನಿ ಸಾರ್. ನೀವು ಕೇಳ್ತಿದ್ರಿ, ನಾನು ಹೇಳ್ತಿದ್ದೆ" ಅಂದರು. ಐದು ತಿಂಗಳ ನಂತರ ಆ ಉದ್ಯೋಗಿ ಕೆಲಸ ಬಿಟ್ಟರು. ಅಷ್ಟರಲ್ಲಿ ಅವರು ಮಾರಿದ್ದು ಒಂದೇ ಶಾಪಿಗೆ.

ಅವರು ಸೋಮಾರಿಯಲ್ಲ, ಅಪ್ರಾಮಾಣಿಕರೂ ಅಲ್ಲ. ಎಂಟು ವರ್ಷ ದೊಡ್ಡ ಕಂಪನಿಯೊಂದರಲ್ಲಿ ಟಾರ್ಗೆಟ್ ಮುಟ್ಟಿದವರು. ತಪ್ಪಾಗಿದ್ದು ನಾವು ಬರೆದ ಜಾಹೀರಾತಿನಲ್ಲಿ ಮತ್ತು ನಾವು ನಡೆಸಿದ ಸಂದರ್ಶನದಲ್ಲಿ. ಬೇರೆ ಕಂಪನಿಗಳ ಜಾಹೀರಾತುಗಳನ್ನು ನೋಡಿ ನಮ್ಮದನ್ನು ಬರೆದಿದ್ದೆವು: ಉತ್ತಮ ಸಂವಹನ ಕೌಶಲ, ಛಲ, 5ರಿಂದ 8 ವರ್ಷದ ಅನುಭವ, ಎಂಬಿಎ ಆಗಿದ್ದರೆ ಆದ್ಯತೆ, ತಿಂಗಳಿಗೆ 5 ಹೊಸ ಗ್ರಾಹಕರು. ಸಂದರ್ಶನ ಅಂದರೆ ಒಂದೂವರೆ ಗಂಟೆ ಹರಟೆ. ಮಾತು ಚೆನ್ನಾಗಿ ಬರುವವರನ್ನು ಮಾತಾಡಿಸಿ, ಮಾತು ಚೆನ್ನಾಗಿದೆ ಎಂದು ಆರಿಸಿಕೊಂಡೆವು.

ನಾನು ಈ ಲೇಖನದಲ್ಲಿ ವಾದಿಸುವುದು ಒಂದೇ ವಿಷಯ. ಸಣ್ಣ ಸ್ಟಾರ್ಟ್‌ಅಪ್ಪಿನ ಮೊದಲ ಸೇಲ್ಸ್ ಹುದ್ದೆಯ ವಿವರಣೆಯನ್ನು ಸ್ಥಾಪಕರು ತಾವೇ ಮಾಡಿದ ಮಾರಾಟಗಳ ದಾಖಲೆಯಿಂದ ಬರೆಯಬೇಕು. ಸಂದರ್ಶನದ ಅಂಕಪಟ್ಟಿಯನ್ನು ಆ ವಿವರಣೆಯಿಂದ ಇಳಿಸಿಕೊಳ್ಳಬೇಕು, ಅದೂ ಯಾವ ಅಭ್ಯರ್ಥಿಯ ಮುಖ ನೋಡುವುದಕ್ಕೂ ಮೊದಲು. ಹಾಗೆ ಬರೆಯಲು ಸಾಮಗ್ರಿಯೇ ಇಲ್ಲದಿದ್ದರೆ ಆ ಕಂಪನಿ ಇನ್ನೂ ಸೇಲ್ಸ್ ಉದ್ಯೋಗಿಯನ್ನು ತೆಗೆದುಕೊಳ್ಳುವ ಹಂತಕ್ಕೆ ಬಂದಿಲ್ಲ ಎಂದರ್ಥ.

ಮೊದಲ ಸೇಲ್ಸ್ ಉದ್ಯೋಗಿಯ ಕೆಲಸ ಹತ್ತನೆಯವರ ಕೆಲಸಕ್ಕಿಂತ ಬೇರೆ. ಹತ್ತನೆಯವರು ಬರುವ ಹೊತ್ತಿಗೆ ಬೆಲೆ ನಿಂತಿರುತ್ತದೆ, ಯಾರಿಗೆ ಮಾರಬೇಕು, ಏನು ಹೇಳಬೇಕು ಎಂಬುದು ತಿಳಿದಿರುತ್ತದೆ. ಮೊದಲನೆಯವರಿಗೆ ಇದಾವುದೂ ಇಲ್ಲ. ಮಾರ್ಕ್ ಲೆಸ್ಲಿ ಮತ್ತು ಚಾರ್ಲ್ಸ್ ಹಾಲೋವೇ 2006ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಪ್ರಸಿದ್ಧ ಲೇಖನದ ತಿರುಳೂ ಇದೇ: ಹೊಸ ವಸ್ತುವನ್ನು ಮಾರುವುದನ್ನು ಇಡೀ ಕಂಪನಿ ಕಲಿಯಬೇಕಾಗುತ್ತದೆ. ಕಲಿಕೆ ಮುಗಿಯುವ ಮೊದಲೇ ಮಾರುವವರನ್ನು ತುಂಬಿಕೊಂಡರೆ ಹಣ ಮಾತ್ರ ಕರಗುತ್ತದೆ. ಆರಂಭದ ಹಂತಕ್ಕೆ ಬೇಕಾದವರು ಗ್ರಾಹಕರಿಂದ ಕಲಿತದ್ದನ್ನು ಕಂಪನಿಯೊಳಗೆ ತಂದು, ವಸ್ತುವನ್ನೂ ಹೇಳುವ ಮಾತನ್ನೂ ತಿದ್ದಲು ನೆರವಾಗಬಲ್ಲವರು. ಟಾರ್ಗೆಟ್ ಕೊಟ್ಟರೆ ಓಡುವವರ ಸರದಿ ಆಮೇಲೆ ಬರುತ್ತದೆ. ನಾವು ತೆಗೆದುಕೊಂಡಿದ್ದು ಆಮೇಲೆ ಬರಬೇಕಾದವರನ್ನು. ಅವರ ಹಳೆಯ ಕಂಪನಿಯ ಹೆಸರು ಕೇಳಿದರೇ ಬಾಗಿಲು ತೆರೆಯುತ್ತಿತ್ತು. ನಮ್ಮ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಎರಡನೇ ಸಲ ಜಾಹೀರಾತು ಬರೆಯುವ ಮೊದಲು ನಾನು ಮತ್ತು ನನ್ನ ಪಾಲುದಾರರು ಎರಡು ದಿನ ಕೂತು ನಮ್ಮ ಹಳೆಯ ಡೈರಿಗಳನ್ನು ತಿರುವಿದೆವು. ನಮ್ಮ ವಸ್ತು ಸರಳವಾದದ್ದು. ಸಿಎನ್‌ಸಿ ಮೆಷಿನ್ನಿನ ವಿದ್ಯುತ್ ಪ್ಯಾನೆಲ್ಲಿಗೆ ಒಂದು ಚಿಕ್ಕ ಡಬ್ಬಿ ಜೋಡಿಸುತ್ತೇವೆ. ಮೆಷಿನ್ ಎಳೆಯುವ ಕರೆಂಟ್ ನೋಡಿ ಅದು ಓಡುತ್ತಿದೆಯೋ ಸುಮ್ಮನೆ ನಿಂತಿದೆಯೋ ಎಂದು ಡಬ್ಬಿ ಯಜಮಾನರ ಮೊಬೈಲಿಗೆ ತಿಳಿಸುತ್ತದೆ. ಒಂದು ಮೆಷಿನ್ನಿಗೆ ತಿಂಗಳಿಗೆ 1,200 ರೂಪಾಯಿ. ಹತ್ತು ಮೆಷಿನ್ನಿನ ಶಾಪ್ ಆದರೆ ವರ್ಷಕ್ಕೆ 1.44 ಲಕ್ಷ. ಹದಿನೆಂಟು ತಿಂಗಳಲ್ಲಿ ನಾವಿಬ್ಬರು 61 ಶಾಪುಗಳ ಯಜಮಾನರನ್ನು ಭೇಟಿ ಮಾಡಿದ್ದೆವು. 25 ಕಡೆ ಎರಡು ಮೆಷಿನ್ನಿಗೆ ಎರಡು ವಾರದ ಟ್ರಯಲ್ ಹಾಕಿದ್ದೆವು. ಕೊನೆಗೆ ಹಣ ಕೊಟ್ಟು ಕೊಂಡವರು 14.

ಡೈರಿ ಓದುತ್ತಾ ಹೋದಂತೆ ನಾವು ಅಂದುಕೊಂಡಿದ್ದಕ್ಕಿಂತ ಬೇರೆಯದೇ ಕೆಲಸ ಕಣ್ಣಿಗೆ ಬಿತ್ತು. ಯಜಮಾನರನ್ನು ಒಪ್ಪಿಸುವುದಷ್ಟೇ ಕೆಲಸವಾಗಿರಲಿಲ್ಲ. ಹಲವರು ಟ್ರಯಲ್ ಹಾಕಿ ನೋಡೋಣ ಎನ್ನುತ್ತಿದ್ದರು. ಹಾಗೆ ಒಪ್ಪಿದವರ ಬಳಿ ಮಾರಾಟ ಸಾಯುತ್ತಿದ್ದುದು ಟ್ರಯಲ್ಲಿನ ಆ ಎರಡು ವಾರಗಳಲ್ಲಿ. ಡಬ್ಬಿ ಎಂದರೆ ತಮ್ಮ ಮೇಲೆ ಇಟ್ಟ ಕಣ್ಣು ಎಂದು ಸೂಪರ್‌ವೈಸರುಗಳಿಗೆ ಅನ್ನಿಸುತ್ತಿತ್ತು. ಕೆಲವು ಕಡೆ ಅದರ ವೈರ್ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಇನ್ನು ಕೆಲವು ಕಡೆ ಯಜಮಾನರು ಮೊಬೈಲ್ ತೆರೆದು ನೋಡುತ್ತಲೇ ಇರಲಿಲ್ಲ. ಕೊಂಡ 14 ಶಾಪುಗಳಲ್ಲಿ ಬಹುತೇಕ ಎಲ್ಲ ಕಡೆ, ನಮ್ಮಿಬ್ಬರಲ್ಲಿ ಒಬ್ಬರು ಟ್ರಯಲ್ಲಿನ ಮೊದಲ ವಾರವೇ ಸೂಪರ್‌ವೈಸರ್ ಜೊತೆ ಟೀ ಕುಡಿದು ಕೂತಿದ್ದ ದಾಖಲೆ ಇತ್ತು. ಹೊಸಬರು ಮಾಡಬೇಕಾದ ಕೆಲಸ ಇದು. ನಮ್ಮ ಮೊದಲ ಜಾಹೀರಾತಿನಲ್ಲಿ ಸೂಪರ್‌ವೈಸರ್ ಎಂಬ ಪದವೇ ಇರಲಿಲ್ಲ.

ಡೈರಿ ಇನ್ನೂ ಒಂದು ಲೆಕ್ಕ ಕೊಟ್ಟಿತು. ಮೊದಲ ಭೇಟಿಯಿಂದ ಹಣ ಕೈಗೆ ಬರುವವರೆಗೆ ಸರಾಸರಿ 70 ದಿನ ಹಿಡಿದಿತ್ತು. ಅಂದರೆ ಹೊಸಬರ ಮೊದಲ 90 ದಿನಗಳಲ್ಲಿ ಹಣ ತರಬಲ್ಲವು ಮೊದಲ 20 ದಿನಗಳ ಭೇಟಿಗಳು ಮಾತ್ರ. 61 ಭೇಟಿಗೆ 14 ಮಾರಾಟ ಎಂದರೆ ಒಂದು ಮಾರಾಟಕ್ಕೆ ನಾಲ್ಕೂವರೆಯಷ್ಟು ಭೇಟಿ ಬೇಕು. ಆ 20 ದಿನಗಳಲ್ಲಿ 9 ಭೇಟಿ ಆದರೆ 90ನೇ ದಿನಕ್ಕೆ 2 ಶಾಪ್ ಸಿಕ್ಕಾವು. ನಾವು ಮೊದಲನೆಯವರಿಗೆ ಕೊಟ್ಟಿದ್ದ ಟಾರ್ಗೆಟ್ ತಿಂಗಳಿಗೆ 5. ಸ್ಥಾಪಕರಾದ ನಾವೇ ಒಮ್ಮೆಯೂ ಮುಟ್ಟದ ಸಂಖ್ಯೆಯನ್ನು ಹೊಸಬರ ಮೇಲೆ ಹೊರಿಸಿದ್ದೆವು. ಹಾಗೆ ಹೊರಿಸಿದರೆ ಅವರು ಕಲಿಯುವುದನ್ನು ಬಿಟ್ಟು ರಿಯಾಯಿತಿ ಕೊಡಲು ಶುರು ಮಾಡುತ್ತಾರೆ, ಮಾಡಿದರು ಕೂಡ.

ಈ ಓದಿನಿಂದ ಹುಟ್ಟಿದ ಹುದ್ದೆಯ ವಿವರಣೆ ಒಂದು ಪುಟಕ್ಕೂ ಕಡಿಮೆ. ಅದರ ಸಾರ ಹೀಗಿತ್ತು:

ಕೆಲಸ: ತುಮಕೂರು ರಸ್ತೆಯ ಆಸುಪಾಸಿನಲ್ಲಿ, ಪೀಣ್ಯದಿಂದ ದಾಬಸ್‌ಪೇಟೆಯವರೆಗೆ, 5ರಿಂದ 20 ಮೆಷಿನ್ ಇರುವ ಶಾಪುಗಳನ್ನು ಹುಡುಕಿ, ಟ್ರಯಲ್ ಹಾಕಿಸಿ, ಟ್ರಯಲ್ ಮುಗಿಯುವವರೆಗೆ ಸೂಪರ್‌ವೈಸರ್ ಮತ್ತು ಆಪರೇಟರುಗಳ ಜೊತೆ ನಿಂತು, ವರ್ಷದ ಹಣ ತರುವುದು.

90ನೇ ದಿನಕ್ಕೆ: 2 ಶಾಪುಗಳಿಂದ ಹಣ ಬಂದಿರಬೇಕು, 8 ಟ್ರಯಲ್ ಹಾಕಿರಬೇಕು, ಪ್ರತಿ ಭೇಟಿಯ ಟಿಪ್ಪಣಿ ಬರೆದಿರಬೇಕು.

180ನೇ ದಿನಕ್ಕೆ: ಒಟ್ಟು 10 ಶಾಪ್. ಯಾವ ಬಗೆಯ ಶಾಪಿಗೆ ನಮ್ಮ ವಸ್ತು ಹೊಂದುವುದಿಲ್ಲ ಎಂಬುದರ ಬಗ್ಗೆ ಎರಡು ಪುಟದ ಬರಹ.

ನಾವು ಕೊಡುವುದು: ಮೊದಲ ತಿಂಗಳು ಪ್ರತಿ ಭೇಟಿಗೂ ಸ್ಥಾಪಕರಲ್ಲಿ ಒಬ್ಬರು ಜೊತೆಗೆ ಬರುತ್ತಾರೆ. ತಿಂಗಳಿಗೆ 50,000 ಸಂಬಳ, 25,000 ಇನ್ಸೆಂಟಿವ್. ಮೊದಲ ಮೂರು ತಿಂಗಳ ಇನ್ಸೆಂಟಿವ್ ಖಾತ್ರಿ. ಆಮೇಲೆ ಅದು ಬಂದ ಹಣದ ಮೇಲೆ, ಆರ್ಡರಿನ ಮೇಲಲ್ಲ.

ಬೇಕಾದದ್ದು: ಕನ್ನಡ ಚೆನ್ನಾಗಿ, ಹಿಂದಿ ಅಥವಾ ತಮಿಳು ಕೆಲಸ ನಡೆಯುವಷ್ಟು. ದ್ವಿಚಕ್ರ ವಾಹನ. ಶಾಪ್ ಫ್ಲೋರಿನಲ್ಲಿ ದಿನ ಕಳೆಯಲು ಬೇಸರವಿಲ್ಲದಿರುವುದು.

ಇದರಲ್ಲಿ ಡಿಗ್ರಿಯ ಮಾತಿಲ್ಲ, ವರ್ಷಗಳ ಅನುಭವದ ಮಾತಿಲ್ಲ, ಇಂಗ್ಲಿಷಿನ ಮಾತೂ ಇಲ್ಲ. ಉದಾರತನದಿಂದ ಬಿಟ್ಟದ್ದಲ್ಲ. ನಮ್ಮ 14 ಮಾರಾಟಗಳಲ್ಲಿ ಯಾವುದೂ ಇಂಗ್ಲಿಷಿನಲ್ಲಿ ನಡೆದಿರಲಿಲ್ಲ. ಕೆಲಸಕ್ಕೆ ಬೇಕಿಲ್ಲದ ಷರತ್ತನ್ನು ಹಾಕಿದರೆ ಕೆಲಸ ಬಲ್ಲವರೇ ಅರ್ಜಿ ಹಾಕುವುದಿಲ್ಲ. ಮೊದಲ ಮೂರು ತಿಂಗಳ ಇನ್ಸೆಂಟಿವನ್ನು ಖಾತ್ರಿ ಮಾಡಿದ್ದಕ್ಕೂ ಕಾರಣವಿದೆ. ಕಲಿಯುವ ಕಾಲದಲ್ಲಿ ಮನೆ ಬಾಡಿಗೆಯ ಚಿಂತೆ ಹಚ್ಚಿದರೆ ಯಾರೂ ಕಲಿಯುವುದಿಲ್ಲ. ಸಿಕ್ಕಿದವರಿಗೆ ಸಿಕ್ಕಿದ ಬೆಲೆಗೆ ಮಾರುತ್ತಾರೆ.

ಇನ್ನು ಅಂಕಪಟ್ಟಿ. ಹುದ್ದೆಯ ವಿವರಣೆಯ ಪ್ರತಿ ಸಾಲಿನ ಮುಂದೆ ನಾವು ಒಂದು ಪ್ರಶ್ನೆ ಬರೆದುಕೊಂಡೆವು: ಇದನ್ನು ಮಾಡಬಲ್ಲರೆಂದು ಸಂದರ್ಶನದಲ್ಲಿ ಕಣ್ಣಾರೆ ಕಾಣುವುದು ಹೇಗೆ? ಕಾಣಲು ಸಾಧ್ಯವಿಲ್ಲದ್ದನ್ನು ಪಟ್ಟಿಯಿಂದ ತೆಗೆದೆವು. ಛಲ, ಉತ್ಸಾಹ, ಧನಾತ್ಮಕ ಮನೋಭಾವ ಎಲ್ಲ ಹೋದವು. ಉಳಿದದ್ದು ಐದು. ಗ್ರಾಹಕರಿಂದ ವಿಷಯ ಹೊರತೆಗೆಯುವುದು, ತೂಕ 3. ಹೇಳಿದ್ದನ್ನು ಕೇಳಿ ತಿದ್ದಿಕೊಳ್ಳುವುದು, ತೂಕ 3. ಹೆಸರಿನ ಬಲವಿಲ್ಲದೆ ತಾನೇ ದಾರಿ ಮಾಡಿಕೊಂಡು ಮಾರಿದ ಅನುಭವ, ತೂಕ 2. ಬರೆದಿಡುವ ಅಭ್ಯಾಸ, ತೂಕ 1. ಹಣ ಕೇಳುವ ಧೈರ್ಯ, ತೂಕ 1. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ. 5ರವರೆಗೆ ಇಟ್ಟರೆ ಅನುಮಾನ ಬಂದಾಗಲೆಲ್ಲ ಕೈ 3ರ ಮೇಲೆ ಹೋಗುತ್ತದೆ. 4ರಲ್ಲಿ ನಡುವೆ ನಿಲ್ಲಲು ಜಾಗವಿಲ್ಲ. ಒಟ್ಟು 40.

ಅಂಕಪಟ್ಟಿಯ ಜೀವ ಇರುವುದು ಈ ಹೆಸರುಗಳಲ್ಲಲ್ಲ, ಪ್ರತಿ ಅಂಕಕ್ಕೂ ಮೊದಲೇ ಬರೆದಿಟ್ಟ ಅರ್ಥದಲ್ಲಿ. ಮೊದಲ ಗುಣವನ್ನೇ ನೋಡಿ. ನಮ್ಮ ವಸ್ತುವಿನ ವರ್ಣನೆಯಿಂದ ಶುರು ಮಾಡಿ ಅಲ್ಲೇ ಮುಗಿಸಿದರೆ 1. ಪ್ರಶ್ನೆ ಕೇಳಿದರೂ ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟದಿದ್ದರೆ 2. ಉತ್ತರದ ಎಳೆ ಹಿಡಿದು ಹೋಗಿ ಒಂದು ತೊಂದರೆಯನ್ನು ಗ್ರಾಹಕರ ಬಾಯಲ್ಲೇ ಹೇಳಿಸಿದರೆ 3. ಆ ತೊಂದರೆಗೆ ಎಷ್ಟು ಹಣ ಹೋಗುತ್ತಿದೆ ಎಂಬ ಲೆಕ್ಕವನ್ನೂ ಅವರಿಂದಲೇ ಮಾಡಿಸಿದರೆ 4. ಹೀಗೆ ಬರೆದಿಟ್ಟರೆ ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿದರೂ ಬಹಳ ದೂರ ಹೋಗುವುದಿಲ್ಲ. ಎರಡು ಅಂಕದ ವ್ಯತ್ಯಾಸ ಬಂದರೆ ಏನನ್ನು ಕಂಡು ಆ ಅಂಕ ಹಾಕಿದಿರಿ ಎಂದು ಕೇಳಿಕೊಳ್ಳಬಹುದು. ನಾನೂ ಪಾಲುದಾರರೂ ಅಭ್ಯರ್ಥಿ ಹೊರಟ ಮೇಲೆ ಒಂದು ಮಾತೂ ಆಡದೆ ಮೊದಲು ಅಂಕ ಬರೆಯುತ್ತಿದ್ದೆವು. ಮಾತಾಡಿದ ಮೇಲೆ ಬರೆದರೆ ಇಬ್ಬರಲ್ಲಿ ಗಟ್ಟಿ ದನಿಯವರ ಅಂಕವೇ ಇಬ್ಬರದೂ ಆಗುತ್ತದೆ.

ಮೊದಲ ಎರಡು ಗುಣಗಳನ್ನು ಒಂದೇ ಪರೀಕ್ಷೆಯಲ್ಲಿ ನೋಡುತ್ತಿದ್ದೆವು. ನಾನು ಶಾಪಿನ ಯಜಮಾನ, ಅಭ್ಯರ್ಥಿ ನಮ್ಮ ವಸ್ತುವನ್ನು ತಂದವರು. ವಸ್ತುವಿನ ಬಗ್ಗೆ ಒಂದು ಪುಟದ ವಿವರ ಹಿಂದಿನ ದಿನವೇ ಕಳಿಸಿರುತ್ತಿದ್ದೆವು. ಹದಿನೈದು ನಿಮಿಷ ಆದ ಮೇಲೆ ನಿಲ್ಲಿಸಿ, ಒಂದು ಒಳ್ಳೆಯದು, ಒಂದು ತಿದ್ದಿಕೊಳ್ಳಬೇಕಾದದ್ದು ಹೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಆಡಿಸುತ್ತಿದ್ದೆವು. ಹಬ್‌ಸ್ಪಾಟ್ ಕಂಪನಿಯ ಸೇಲ್ಸ್ ತಂಡವನ್ನು ಶುರುವಿನಿಂದ ಕಟ್ಟಿದ ಮಾರ್ಕ್ ರೋಬರ್ಜ್ ತಮ್ಮ 2015ರ ಪುಸ್ತಕದಲ್ಲಿ ಈ ಎರಡನೇ ಸುತ್ತಿನ ಬಗ್ಗೆ ಬರೆದಿದ್ದಾರೆ. ಅವರು ಸಂದರ್ಶನದ ಅಂಕಗಳನ್ನು ಜೋಪಾನವಾಗಿಟ್ಟು, ಮುಂದೆ ಆ ಉದ್ಯೋಗಿಗಳ ಮಾರಾಟದ ಜೊತೆ ಹೋಲಿಸಿ ನೋಡಿದರು. ಅವರ ಕಂಪನಿಯಲ್ಲಿ ಯಶಸ್ಸಿನ ಜೊತೆ ಹೊಂದಿಕೊಂಡ ಗುಣಗಳಲ್ಲಿ ತಿದ್ದಿಕೊಳ್ಳುವ ಶಕ್ತಿಯೂ ಒಂದು. ಪ್ರತಿ ಕಂಪನಿಯ ಪಟ್ಟಿಯೂ ಬೇರೆಯಾಗುತ್ತದೆ ಎಂದೂ ಅವರು ಹೇಳುತ್ತಾರೆ. ಆದ್ದರಿಂದ ಅವರ ಪಟ್ಟಿಯನ್ನು ನಕಲು ಮಾಡದೆ ವಿಧಾನವನ್ನಷ್ಟೇ ಎರವಲು ತಂದೆವು.

ಕೊನೆಯ ಸುತ್ತಿಗೆ ಮೂವರು ಬಂದರು. ಮೊದಲನೆಯವರು ನಮ್ಮ ಹಿಂದಿನ ಉದ್ಯೋಗಿಯ ಹಾಗೆಯೇ ದೊಡ್ಡ ಹೆಸರಿನ ಕಂಪನಿಯಿಂದ ಬಂದವರು. ಎರಡನೆಯವರು ಕಟಿಂಗ್ ಟೂಲ್ ಮಾರುವ ಸಣ್ಣ ಏಜೆನ್ಸಿಯೊಂದರಲ್ಲಿ ಮೂರು ವರ್ಷ ದುಡಿದ ಯುವತಿ. ಮೂರನೆಯವರು ಇಪ್ಪತ್ತು ವರ್ಷ ಮೆಷಿನ್ ಬಿಡಿಭಾಗ ಮಾರಿದ ಹಿರಿಯರು. ನಿಜವಾದ ಒಬ್ಬ ಯಜಮಾನರು ನನಗೆ ಹೇಳಿದ್ದ ಮಾತಿನಿಂದಲೇ ನಾನು ಮೂವರ ಮುಂದೆಯೂ ಶುರು ಮಾಡಿದೆ: "ಹತ್ತೇ ಮೆಷಿನ್ ಇರೋದು. ಇಲ್ಲಿ ಕೂತ್ರೆ ಸದ್ದಲ್ಲೇ ಗೊತ್ತಾಗತ್ತೆ ಯಾವುದು ನಿಂತಿದೆ ಅಂತ. ನಿಮ್ಮ ಡಬ್ಬಿ ಯಾಕ್ರೀ ನಂಗೆ?"

ಮೊದಲನೆಯವರು ಡಬ್ಬಿಯ ಗುಣಗಾನಕ್ಕೆ ಇಳಿದರು. ನಡುವೆ ಎರಡು ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಾಯಲಿಲ್ಲ.

ಹಿರಿಯರು ಕುರ್ಚಿಗೆ ಒರಗಿ ಕೂತು, "ನಿಮಗೆ ಕೇಳಿಸತ್ತೆ ಸರ್, ಒಪ್ಪಿದೆ. ರಾತ್ರಿ ಶಿಫ್ಟಲ್ಲಿ ಯಾರಿರ್ತಾರೆ?" ಅಂದರು.

"ಸೂಪರ್‌ವೈಸರ್."

"ಬೆಳಿಗ್ಗೆ ಬಂದಾಗ ಪೀಸ್ ಕಮ್ಮಿ ಇದ್ರೆ ಏನು ಹೇಳ್ತಾರೆ?"

"ಕರೆಂಟ್ ಹೋಗಿತ್ತು ಅಂತಾನೆ, ಇಲ್ಲ ಟೂಲ್ ಮುರೀತು ಅಂತಾನೆ."

"ಒಂದು ಗಂಟೆಗೆ ಮೆಷಿನ್ ರೇಟ್ ಏನು ಹಾಕ್ತೀರಿ ಸರ್? ವಾರದಲ್ಲಿ ಎಷ್ಟು ಗಂಟೆ ಹೀಗೆ ಹೋಗಬಹುದು?"

ನಾನು ನಟಿಸುತ್ತಿದ್ದೇನೆ ಎಂಬುದನ್ನು ಮರೆತು ಮನಸ್ಸಿನಲ್ಲೇ ಗುಣಿಸತೊಡಗಿದೆ. ಅವರಿಗೆ ಇಬ್ಬರೂ 4 ಹಾಕಿದೆವು. ಯುವತಿ ಸ್ವಲ್ಪ ತಡವರಿಸಿದರು. ಆದರೂ ರಾತ್ರಿ ಶಿಫ್ಟಿನವರೆಗೆ ಬಂದು ತೊಂದರೆಯನ್ನು ನನ್ನ ಬಾಯಲ್ಲಿ ಹೇಳಿಸಿದರು. ಹಣದ ಲೆಕ್ಕಕ್ಕೆ ಹೋಗಲಿಲ್ಲ. ಅಂಕ 3.

ನಡುವೆ ನಾವು ಮೂವರಿಗೂ ಹೇಳಿದ್ದು ಒಂದೇ ತಿದ್ದುಪಡಿ: ಈ ಡಬ್ಬಿ ಬಂದರೆ ಹೆದರುವವರು ಸೂಪರ್‌ವೈಸರ್. ಎರಡನೇ ಸುತ್ತಿನಲ್ಲಿ ಅವರೂ ಪಕ್ಕದಲ್ಲಿ ನಿಂತಿರುತ್ತಾರೆ, ಅವರನ್ನು ಗಮನದಲ್ಲಿಡಿ. ಸೂಪರ್‌ವೈಸರ್ ಆಗಿ ನನ್ನ ಪಾಲುದಾರರು ನಿಂತರು. ಹಿರಿಯರು ಮತ್ತೆ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದರು. ಈ ಸಲ ಸೂಪರ್‌ವೈಸರ್ ಎದುರೇ ಇದ್ದುದರಿಂದ ಆ ಪ್ರಶ್ನೆಗಳು ಅವನನ್ನು ಕಳ್ಳನನ್ನಾಗಿ ನಿಲ್ಲಿಸಿದವು. ಯುವತಿ ನನಗೆ ನಮಸ್ಕಾರ ಹೇಳಿ, ಸೂಪರ್‌ವೈಸರ್ ಕಡೆ ತಿರುಗಿ ಕೇಳಿದರು: "ಅಣ್ಣ, ರಾತ್ರಿ ಕರೆಂಟ್ ಹೋಗಿದ್ದು ನಿಜ ಅಂತ ಯಜಮಾನ್ರಿಗೆ ತೋರಿಸೋಕೆ ನಿಮ್ಮ ಹತ್ರ ಏನಾದ್ರೂ ಇದೆಯಾ?"

ನಾವು ಹದಿನೆಂಟು ತಿಂಗಳಲ್ಲಿ ಆ ವಾಕ್ಯವನ್ನು ಕಂಡುಕೊಂಡಿರಲಿಲ್ಲ. ಅವರ ಒಂದು ಪ್ರಶ್ನೆಯಿಂದ ಡಬ್ಬಿ ಸೂಪರ್‌ವೈಸರ್ ಮೇಲಿನ ಕಣ್ಣಾಗುವ ಬದಲು ಅವನ ಪರವಾದ ಸಾಕ್ಷಿಯಾಯಿತು. ಮೊದಲ ಸೇಲ್ಸ್ ಉದ್ಯೋಗಿಯಿಂದ ಕಂಪನಿ ಕಲಿಯಬೇಕು ಎಂದು ಮೇಲೆ ಬರೆದೆನಲ್ಲ, ಅದು ಆಗುವುದು ಹೀಗೆ. ತಿದ್ದಿಕೊಳ್ಳುವುದಕ್ಕೆ ಅವರಿಗೆ 4, ಹಿರಿಯರಿಗೆ 2, ಮೊದಲನೆಯವರಿಗೂ 2.

ಅನುಭವವನ್ನು ಅಳೆಯಲು ಮೂವರಿಗೂ ಒಂದೇ ಪ್ರಶ್ನೆ: ನೀವು ಮಾಡಿದ ಒಂದೇ ಒಂದು ಮಾರಾಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ. ಆ ಗ್ರಾಹಕರ ಹೆಸರು ನಿಮಗೆ ಹೇಗೆ ಸಿಕ್ಕಿತು, ಒಳಗೆ ಯಾರು ಬೇಡ ಅಂದರು, ಹಣ ಯಾವ ದಿನ ಬಂತು? ವರ್ಷಕ್ಕೆ ಇಷ್ಟು ಕೋಟಿ ಮಾರಿದೆ ಎನ್ನುವ ಮಾತಿನ ಹಿಂದೆ ಏನಿದೆ ಎಂಬುದು ಇಲ್ಲಿ ಬಯಲಾಗುತ್ತದೆ. ಮೊದಲನೆಯವರಿಗೆ ಹೆಸರುಗಳನ್ನು ಕಂಪನಿಯೇ ಕೊಡುತ್ತಿತ್ತು, ಹಣ ವಸೂಲಿಗೆ ಬೇರೆ ವಿಭಾಗವಿತ್ತು. ಬರೆದಿಡುವ ಅಭ್ಯಾಸಕ್ಕೆ, ನಟನೆ ಮುಗಿದ ಮೇಲೆ ಅದೇ ಸಂಜೆ ಯಜಮಾನರಿಗೆ ಕಳಿಸುವ ವಾಟ್ಸಾಪ್ ಸಂದೇಶವನ್ನು ಬರೆಸಿದೆವು. ಹಣ ಕೇಳುವುದಕ್ಕೆ, ಒಪ್ಪಿ ಎರಡು ತಿಂಗಳಾದರೂ ಚೆಕ್ ಕೊಡದ ಯಜಮಾನರಿಗೆ ಫೋನ್ ಮಾಡಿಸಿದೆವು.

ಒಟ್ಟು ಹಾಕಿದಾಗ ಮೊದಲನೆಯವರಿಗೆ 23 ಬಂತು. ಯುವತಿಗೆ ಐದು ಗುಣಗಳಲ್ಲಿ 3, 4, 3, 3, 2. ತೂಕ ಸೇರಿಸಿದರೆ 32. ಹಿರಿಯರಿಗೆ 4, 2, 4, 2, 4. ಅದೂ 32.

ಇಬ್ಬರಿಗೂ ಒಂದೇ ಮೊತ್ತ. ಮೊತ್ತವನ್ನಷ್ಟೇ ನಂಬಿದ್ದರೆ ಇಲ್ಲಿ ಕೈಚೆಲ್ಲಿ ಮತ್ತೆ ಹರಟೆಯ ತೀರ್ಪಿಗೆ ಹೋಗಬೇಕಾಗುತ್ತಿತ್ತು. ಆದರೆ ಅಂಕಪಟ್ಟಿ ಬರೆಯುವಾಗಲೇ ನಾವು ಒಂದು ಹೊಸ್ತಿಲು ಇಟ್ಟಿದ್ದೆವು: ಮೊದಲ ಎರಡು ಗುಣಗಳಲ್ಲಿ ಯಾವುದರಲ್ಲೇ ಆಗಲಿ 3ಕ್ಕಿಂತ ಕಡಿಮೆ ಬಂದರೆ ಮೊತ್ತ ಎಷ್ಟಿದ್ದರೂ ಇಲ್ಲ. ಒಂದು ಗುಣದ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎಂದು ಮೊತ್ತ ಊಹಿಸಿಕೊಂಡಿರುತ್ತದೆ. ಹಣ ಕೇಳುವ ಸಂಕೋಚವನ್ನು ನಾವು ಜೊತೆಗೆ ಹೋಗಿ ತುಂಬಬಹುದು. ಮಾರುವ ದಾರಿಯೇ ತಿಂಗಳಿಗೊಮ್ಮೆ ಬದಲಾಗುವ ಕಂಪನಿಯಲ್ಲಿ ತಿದ್ದಿಕೊಳ್ಳದಿರುವುದನ್ನು ಯಾವುದರಿಂದ ತುಂಬುವುದು? ಹಿರಿಯರು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾರಬಲ್ಲವರು ಎಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಎರಡು ವರ್ಷದ ನಂತರವಾಗಿದ್ದರೆ, ದಾರಿ ನಿಂತ ಮೇಲೆ, ಅಂಕಪಟ್ಟಿಯ ತೂಕಗಳೇ ಬೇರೆಯಾಗಿ ಅವರೇ ಆಯ್ಕೆಯಾಗುತ್ತಿದ್ದರು.

ಇದಕ್ಕೆ ಗಟ್ಟಿಯಾದ ಆಕ್ಷೇಪಣೆ ಇದೆ. ಮನುಷ್ಯರನ್ನು ಅಂಕಗಳಲ್ಲಿ ಹಿಡಿಯಲು ಸಾಧ್ಯವೇ, ವರ್ಷಗಳ ಅನುಭವದಿಂದ ಬಂದ ಒಳದನಿಗೆ ಬೆಲೆಯಿಲ್ಲವೇ ಎಂದು ಹಿರಿಯ ಉದ್ಯಮಿಗಳು ಕೇಳುತ್ತಾರೆ. 1950ರ ದಶಕದಲ್ಲಿ ಇಸ್ರೇಲ್ ಸೈನ್ಯದಲ್ಲಿದ್ದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಅವರಿಗೂ ಸಂದರ್ಶಕರು ಇದನ್ನೇ ಕೇಳಿದ್ದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಹೊಸ ಸೈನಿಕರ ಸಂದರ್ಶನವನ್ನು ಆರು ಗುಣಗಳಾಗಿ ಒಡೆದು, ಒಂದೊಂದಕ್ಕೂ ಪ್ರತ್ಯೇಕ ಪ್ರಶ್ನೆ ಮತ್ತು ಅಂಕ ಗೊತ್ತುಮಾಡಿದ್ದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದಾಗ ಅವರು ಒಂದು ರಾಜಿ ಮಾಡಿದರು: ಆರೂ ಅಂಕಗಳನ್ನು ಹಾಕಿದ ಮೇಲೆ ಕಣ್ಣು ಮುಚ್ಚಿ ಆ ಹುಡುಗನನ್ನು ಸೈನಿಕನಾಗಿ ಊಹಿಸಿಕೊಂಡು ಮತ್ತೊಂದು ಅಂಕ ಕೊಡಿ. ಹೊಸ ವಿಧಾನ ಹಳೆಯದಕ್ಕಿಂತ ಬಹಳ ಚೆನ್ನಾಗಿ ನಡೆಯಿತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಗುಣಗಳ ಮೊತ್ತದಷ್ಟೇ ಚೆನ್ನಾಗಿತ್ತು. ಒಳದನಿಗೆ ಬೆಲೆಯಿದೆ, ಆದರೆ ಅದು ಸಾಕ್ಷ್ಯಗಳನ್ನು ಕೇಳಿದ ಮೇಲೆ ಮಾತಾಡಬೇಕು. ನಮ್ಮ ಅಂಕಪಟ್ಟಿಯ ಕೊನೆಯಲ್ಲೂ ಅಂಥ ಒಂದು ಸಾಲಿದೆ. ಐದೂ ಅಂಕ ಬರೆದ ಮೇಲೆ ಮಾತ್ರ ಅದನ್ನು ತುಂಬುತ್ತೇವೆ.

ಅಂಕಪಟ್ಟಿಯ ಮಿತಿಯನ್ನೂ ಹೇಳಬೇಕು. ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಬಗೆಗಿನ ದಶಕಗಳ ಸಂಶೋಧನೆಯನ್ನು ಮತ್ತೆ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಸಂದರ್ಶನದ ಅಂಕಕ್ಕೂ ಮುಂದಿನ ಕೆಲಸಕ್ಕೂ ಇರುವ ಸಂಬಂಧ ಪೂರ್ತಿಯಾಗಿದ್ದರೆ 1, ಇಲ್ಲವೇ ಇಲ್ಲವಾದರೆ 0 ಎಂದುಕೊಳ್ಳಿ. ಗೊತ್ತುಗುರಿಯಿಲ್ಲದ ಮಾತುಕತೆಗೆ ಅವರ ಲೆಕ್ಕದಲ್ಲಿ ಬಂದದ್ದು 0.19. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು ಇಟ್ಟ ಸಂದರ್ಶನಕ್ಕೆ 0.42. ಎರಡು ಪಟ್ಟಿಗೂ ಹೆಚ್ಚು, ಆದರೂ 1ರಿಂದ ಬಲು ದೂರ. ಅಂಕಪಟ್ಟಿ ಇಟ್ಟುಕೊಂಡರೂ ತಪ್ಪು ನೇಮಕ ಆಗಬಹುದು. ಇಬ್ಬರನ್ನು ಒಟ್ಟಿಗೆ ತೆಗೆದುಕೊಳ್ಳಿ, ಒಬ್ಬರು ಸೋತು ಒಬ್ಬರು ಗೆದ್ದರೆ ದೋಷ ವಸ್ತುವಿನದೋ ಮನುಷ್ಯರದೋ ತಿಳಿಯುತ್ತದೆ ಎಂಬ ಸಲಹೆ ಹುಟ್ಟಿದ್ದು ಇದರಿಂದಲೇ. ಸಲಹೆ ಸರಿಯಾದದ್ದು. ನಮ್ಮಷ್ಟು ಸಣ್ಣ ಕಂಪನಿಗೆ ಎರಡು ಸಂಬಳದ ಶಕ್ತಿ ಇರಲಿಲ್ಲ. ಶಕ್ತಿ ಇಲ್ಲದವರಿಗೆ ಸ್ಥಾಪಕರ ಡೈರಿಯೇ ಆ ಎರಡನೇ ವ್ಯಕ್ತಿ. ನಾವು ನಾಲ್ಕೂವರೆ ಭೇಟಿಗೆ ಒಂದು ಮಾರಿದ್ದೆವು, ಅವರಿಗೆ ಹತ್ತು ಭೇಟಿ ಹಿಡಿಯುತ್ತಿದೆ ಎಂದರೆ ಎಲ್ಲಿ ಜಾರುತ್ತಿದೆ ಎಂದು ಟಿಪ್ಪಣಿ ಬಿಡಿಸಿ ನೋಡಬಹುದು.

ಯುವತಿ ಕೆಲಸಕ್ಕೆ ಸೇರಿದರು. ಆರು ತಿಂಗಳು ತುಂಬಿದ ದಿನ ನಾವು ಅವರ ಭೇಟಿಗಳ ಟಿಪ್ಪಣಿಯನ್ನೂ ಹಳೆಯ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅವರು ಹಾಕಿಸಿದ ಟ್ರಯಲ್ಲುಗಳಲ್ಲಿ ವೈರ್ ಕಳಚಿದ್ದು ಒಂದೇ ಕಡೆ. ಎಂಟು ಶಾಪ್ ಒಪ್ಪಿದ್ದವು. ಆದರೆ ಹಣ ಬಂದದ್ದು ಐದರಿಂದ. ಉಳಿದ ಮೂವರು ಯಜಮಾನರಿಗೆ ಅವರು ಪ್ರತಿ ವಾರ ಫೋನ್ ಮಾಡಿದ್ದರು, ಆರೋಗ್ಯ ವಿಚಾರಿಸಿದ್ದರು, ಮುಂದಿನ ವಾರ ನೋಡೋಣ ಎನ್ನಿಸಿಕೊಂಡು ಫೋನ್ ಇಟ್ಟಿದ್ದರು. ಹಣ ಕೇಳುವ ಧೈರ್ಯಕ್ಕೆ ನಾವಿಬ್ಬರೂ ಹಾಕಿದ್ದ ಅಂಕ 2. ಆ ಹಾಳೆ ಆರು ತಿಂಗಳು ನಮ್ಮ ಡ್ರಾಯರಿನಲ್ಲೇ ಇತ್ತು. ಆಯ್ಕೆ ಮುಗಿಯಿತು ಎಂದು ಅದನ್ನು ಮತ್ತೆ ತೆರೆದಿರಲಿಲ್ಲ.

ಆ ವಾರ ನಾನು ಅವರ ಜೊತೆ ಮೂರೂ ಶಾಪುಗಳಿಗೆ ಹೋದೆ. ಮೊದಲನೆಯ ಕಡೆ ಹಣವನ್ನು ನಾನು ಕೇಳಿದೆ. ಎರಡನೆಯ ಕಡೆ ಇಬ್ಬರೂ ಕೇಳಿದೆವು. ಮೂರನೆಯ ಕಡೆ ನಾನು ಹೊರಗೆ ಸೂಪರ್‌ವೈಸರ್ ಜೊತೆ ಟೀ ಕುಡಿಯುತ್ತಾ ನಿಂತಿದ್ದೆ, ಅವರೊಬ್ಬರೇ ಒಳಗೆ ಹೋಗಿ ಚೆಕ್ ತಂದರು. ಈಗ ನಮ್ಮಲ್ಲಿ ಅಂಕಪಟ್ಟಿಯ ಮೊದಲ ಪ್ರತಿ ಆಯ್ಕೆಯ ಕಡತಕ್ಕೆ ಹೋಗುತ್ತದೆ. ಎರಡನೇ ಪ್ರತಿ, ಅತಿ ಕಡಿಮೆ ಅಂಕದ ಸಾಲಿಗೆ ಕೆಂಪು ಗೆರೆ ಎಳೆದು, ಹೊಸಬರ ಮೊದಲ ತಿಂಗಳ ಭೇಟಿಗಳಿಗೆ ಜೊತೆ ಹೋಗುವ ಸ್ಥಾಪಕರ ಕೈಗೆ ಹೋಗುತ್ತದೆ.